ಗಣಕದ ಓದಿಗೆ ಪ್ರತಿಯ ಆಯ್ಕೆ: ಒಂದೇ ಗ್ರಂಥದ ಹಲವು ಸ್ಕ್ಯಾನುಗಳ ವಿಮರ್ಶೆ

ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಅಚ್ಚಾಗಿ ಹೊರಬಂದುದು ಓದುಗರಿಗೆ ತಿಳಿದ ವಿಷಯವೇ ಆಗಿದೆ. ಅಲ್ಲಿಂದ ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಸೀಸದ ಮೊಳೆಗಳಿಂದ ಮುದ್ರಿತವಾದ ವಚನಸಂಪುಟಗಳು, ಶರಣಚರಿತ್ರೆಗಳು, ಷಟ್‌ಸ್ಥಲಶಾಸ್ತ್ರದ ಗ್ರಂಥಗಳು ಈಗ ಕಾಗದವು ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿವೆ. ಅವುಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಅಂತರಜಾಲದ ಭಂಡಾರಗಳಲ್ಲಿ ಇರಿಸುವ ಕಾರ್ಯವು ಕಳೆದ ಎರಡು ದಶಕಗಳಿಂದ ನಡೆದಿದೆ. ಒಂದೇ ಪುಸ್ತಕವನ್ನು ಬೇರೆ ಬೇರೆ ಗ್ರಂಥಾಲಯಗಳು ಬೇರೆ ಬೇರೆ ಕಾಲದಲ್ಲಿ ಸ್ಕ್ಯಾನ್ ಮಾಡಿದ್ದರಿಂದ ಒಂದು ಗ್ರಂಥಕ್ಕೆ ಎರಡೋ ಮೂರೋ ಸ್ಕ್ಯಾನ್ ಪ್ರತಿಗಳು ದೊರೆಯುವುದೂ ಅಪರೂಪವಲ್ಲ. ಇವುಗಳಲ್ಲಿ ಯಾವುದನ್ನು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ, ಎಂದರೆ ಓ.ಸಿ.ಆರ್. ತಂತ್ರಾಂಶಕ್ಕೆ, ಒಪ್ಪಿಸಬೇಕು ಎಂಬುದೇ ಪ್ರಸ್ತುತ ವಿಚಾರ.

ಇದು ಗಣಕ ಬಲ್ಲ ಯುವಕರಿಗೆ ಬಿಟ್ಟುಬಿಡಬಹುದಾದ ಸಣ್ಣ ಕೆಲಸವೆಂದು ಮೇಲುನೋಟಕ್ಕೆ ತೋರುತ್ತದೆ. ವಸ್ತುತಃ ಇದು ಗ್ರಂಥಸಂಪಾದನೆಯ ಕೆಲಸವೇ ಹೌದು. ತಾಳೆಗರಿಯ ಹಲವು ಪ್ರತಿಗಳು ಮುಂದಿರುವಾಗ ಯಾವುದನ್ನು ಮೂಲಪ್ರತಿಯಾಗಿ ಇಟ್ಟುಕೊಳ್ಳಬೇಕೆಂಬ ಪ್ರಶ್ನೆಗೆ ಸಂಪಾದಕನು ಉತ್ತರ ಕೊಡಬೇಕಾಗುತ್ತದೆ. ಇಲ್ಲಿಯೂ ಅದೇ ಪ್ರಶ್ನೆ. ಓದುವವನು ಮಾತ್ರ ಬೇರೆ. ಮನುಷ್ಯನ ಕಣ್ಣಿಗೆ ಸುಲಭವಾಗಿ ಓದಿಸಿಕೊಳ್ಳುವ ಪ್ರತಿಯೇ ತಂತ್ರಾಂಶಕ್ಕೂ ಸುಲಭವೆಂಬ ನಂಬಿಕೆ ವ್ಯಾಪಕವಾಗಿದೆ. ಹಿನ್ನೆಲೆ ಬೆಳ್ಳಗಿದ್ದು ಅಕ್ಷರ ಕರಿದಾಗಿದ್ದರೆ ‘ಸ್ವಚ್ಛವಾದ ಪ್ರತಿ’ ಎಂದು ಅದನ್ನೇ ಆರಿಸಿಕೊಳ್ಳುವುದು ರೂಢಿ. ಕನ್ನಡ ಲಿಪಿಯ ಮಟ್ಟಿಗೆ ಈ ರೂಢಿಯು ಅಪಾಯಕಾರಿ.

ಅದರ ಕಾರಣವು ಲಿಪಿಯ ರಚನೆಯಲ್ಲಿಯೇ ಇದೆ. ದ, ಧ, ಥ ಈ ಮೂರು ಅಕ್ಷರಗಳನ್ನು ಒಟ್ಟಿಗೆ ಬರೆದು ನೋಡಬೇಕು. ದಕಾರದ ತಳದಲ್ಲಿ ಒಂದು ಸೀಳನ್ನು ಕೊಟ್ಟರೆ ಧಕಾರವಾಗುತ್ತದೆ. ಶಾಲೆಯ ಮಕ್ಕಳು ಇದನ್ನೇ ಹೊಟ್ಟೆ ಸೀಳುವುದೆಂದು ಹೇಳುತ್ತಾರೆ. ಆ ಧಕಾರದ ಒಳಗೆ ಒಂದು ಚುಕ್ಕೆಯನ್ನಿಟ್ಟರೆ ಥಕಾರ. ಹಾಗೆಯೇ ಪಕಾರಕ್ಕೆ ಸೀಳನ್ನು ಕೊಟ್ಟರೆ ಫಕಾರ, ಒಳಗೊಂದು ಗೆರೆಯನ್ನೆಳೆದರೆ ಷಕಾರ. ಬ ಮತ್ತು ಭ, ಡ ಮತ್ತು ಢ ಇವುಗಳ ಅಂತರವೂ ಒಂದು ಸೀಳಿನಷ್ಟೇ. ಅಕ್ಷರದ ಒಟ್ಟು ಆಕಾರವು ಎಷ್ಟೇ ದೊಡ್ಡದಾಗಿದ್ದರೂ ಅರ್ಥವನ್ನು ನಿರ್ಣಯಿಸುವ ಭಾಗವು ಅದರ ಹತ್ತನೆಯ ಒಂದಂಶಕ್ಕಿಂತ ಹೆಚ್ಚಿಲ್ಲ. ಮನುಷ್ಯನು ಪದವನ್ನು ಬಲ್ಲವನಾದ್ದರಿಂದ ಸೀಳು ಮುಚ್ಚಿಹೋಗಿದ್ದರೂ ಅದನ್ನು ಸರಿಯಾಗಿಯೇ ಓದಿಕೊಳ್ಳುತ್ತಾನೆ, ಮುಚ್ಚಿದೆಯೆಂಬುದು ಅವನ ಗಮನಕ್ಕೂ ಬರುವುದಿಲ್ಲ. ಹೀಗಾಗಿ ಪ್ರತಿಯ ದೋಷವನ್ನು ಕಾಣುವುದರಲ್ಲಿ ಬಲ್ಲವನ ಕಣ್ಣೇ ಹೆಚ್ಚು ಮೋಸಹೋಗುತ್ತದೆ.

ಈ ಸೀಳು ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಹನ್ನೆರಡು ಪಾಯಿಂಟಿನ ಮೊಳೆಯ ಎತ್ತರವು ಒಂದು ಅಂಗುಲದ ಆರನೆಯ ಒಂದು ಭಾಗ. ಅಂಗುಲಕ್ಕೆ 300 ಪಿಕ್ಸೆಲ್‌ಗಳಂತೆ, ಎಂದರೆ 300 ಚುಕ್ಕೆಗಳಂತೆ, ಸ್ಕ್ಯಾನ್ ಮಾಡಿದರೆ ಮೊಳೆಯ ಎತ್ತರಕ್ಕೆ 50 ಪಿಕ್ಸೆಲ್‌ಗಳು ಸಿಗುತ್ತವೆ. ಮೇಲೆ ಗುಣಿತಕ್ಕೂ ಕೆಳಗೆ ಒತ್ತಕ್ಷರಕ್ಕೂ ಎಡೆಬಿಟ್ಟರೆ ಅಕ್ಷರದ ಪಾಲಿಗೆ ಸುಮಾರು 25 ಉಳಿಯುತ್ತವೆ. ಸೀಳಿಗೆ ಅಥವಾ ಚುಕ್ಕೆಗೆ ಎರಡು ಮೂರು ಪಿಕ್ಸೆಲ್‌ಗಳು. ಅದೇ ಅಕ್ಷರವು ಒತ್ತಾಗಿ ಕೆಳಗಿಳಿದು ಚಿಕ್ಕದಾದರೆ ಒಂದೋ ಎರಡೋ. ‘ಸ್ಥಲ’ ಎಂಬ ಶಬ್ದದಲ್ಲಿ ಥಕಾರವು ಒತ್ತಕ್ಷರವಾಗಿಯೇ ಬರುತ್ತದೆ. ಷಟ್‌ಸ್ಥಲವನ್ನು ಕುರಿತ ಗ್ರಂಥದಲ್ಲಿ ಪುಟಕ್ಕೆ ಹತ್ತು ಸಲ ಬರುವ ಶಬ್ದದ ಗತಿಯು ಒಂದೆರಡು ಪಿಕ್ಸೆಲ್‌ಗಳ ಮೇಲೆ ನಿಂತಿದೆ ಎಂದಂತಾಯಿತು. ಚುಕ್ಕೆ ಹೋದರೆ ‘ಸ್ಧಲ’, ಸೀಳೂ ಮುಚ್ಚಿದರೆ ‘ಸ್ದಲ’. ಷಕಾರದ ಒಳಗೆರೆ ಅಳಿದರೆ ‘ಷಟ್’ ಎಂಬುದು ‘ಪಟ್’ ಆಗುತ್ತದೆ. ಅಂಗುಲಕ್ಕೆ 150 ಪಿಕ್ಸೆಲ್‌ಗಳ ಪ್ರತಿಯಲ್ಲಿ ಈ ಚುಕ್ಕೆಗೆ ಒಂದು ಪೂರ್ಣ ಪಿಕ್ಸೆಲ್ಲೂ ದೊರೆಯಲಾರದು. ಅಂಥ ಪ್ರತಿಯನ್ನು ಎಷ್ಟು ದೊಡ್ಡದು ಮಾಡಿದರೂ ಕಳೆದುಹೋದುದು ಹಿಂದಿರುಗುವುದಿಲ್ಲ.

ಈಗ ಸಾಮಾನ್ಯವಾಗಿ ದೊರೆಯುವ ಪ್ರತಿಗಳ ಸ್ವರೂಪವನ್ನು ನೋಡಬೇಕು. ಮೊದಲನೆಯದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯ ಪ್ರತಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹತ್ತು ಲಕ್ಷ ಗ್ರಂಥಗಳ ಯೋಜನೆಯೊಡನೆ ಸೇರಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಮುಖ್ಯ ಕೇಂದ್ರಗಳಲ್ಲೊಂದಾಗಿ, ಈ ಶತಮಾನದ ಮೊದಲ ವರ್ಷಗಳಲ್ಲಿ ಈ ಕಾರ್ಯವು ನಡೆಯಿತು. ಇದರಲ್ಲಿ ಅಂಗುಲಕ್ಕೆ 600 ಪಿಕ್ಸೆಲ್‌ಗಳಂತೆ, ಕಪ್ಪು ಬಿಳುಪು ಎರಡೇ ಬಣ್ಣಗಳಲ್ಲಿ ಪುಟಗಳನ್ನು ಹಿಡಿಯುವ ಪದ್ಧತಿಯಿತ್ತು. ಅದರ ಬಹುಪಾಲು ಗ್ರಂಥಗಳು ಈಗ ಇಂಟರ್‌ನೆಟ್ ಆರ್ಕೈವ್‌ನಲ್ಲಿ `in.ernet.dli` ಎಂದು ಮೊದಲಾಗುವ ಹೆಸರುಗಳಲ್ಲಿ ಸಿಗುತ್ತವೆ. ಎರಡನೆಯದು ಇತ್ತೀಚೆಗೆ ಕ್ಯಾಮೆರಾದಿಂದ ಬಣ್ಣದಲ್ಲಿ ತೆಗೆದ ಪ್ರತಿ. ಕಾಗದದ ಹಳದಿ, ಕಲೆ, ನಡುಮಡಿಕೆಯ ನೆರಳು ಎಲ್ಲವೂ ಇದರಲ್ಲಿ ಇದ್ದಂತೆಯೇ ಕಾಣುತ್ತವೆ. ಮೂರನೆಯದು ಇವೆರಡರಲ್ಲಿ ಯಾವುದನ್ನೋ ಇಳಿಸಿಕೊಂಡು, ಗಾತ್ರವನ್ನು ಕುಗ್ಗಿಸಿ, ಕೈಯಿಂದ ಕೈಗೆ ದಾಟಿಸಿದ ಪಿ.ಡಿ.ಎಫ್. ಕಡತ. ಓದುಗರ ಕೈಯಲ್ಲಿ ಹೆಚ್ಚಾಗಿ ಇರುವುದು ಈ ಮೂರನೆಯದೇ.

600 ಎಂಬ ಅಂಕಿಯು 300 ಎಂಬುದಕ್ಕಿಂತ ದೊಡ್ಡದಾದುದರಿಂದ ಮೊದಲ ಪ್ರತಿಯೇ ಶ್ರೇಷ್ಠವೆಂದು ತೀರ್ಮಾನಿಸುವವರು ಉಂಟು. ಇಲ್ಲಿ ನಿಧಾನಿಸಬೇಕು. ಮುದ್ರಿತ ಅಕ್ಷರದ ಅಂಚು ಒಮ್ಮೆಲೇ ಕಪ್ಪಿನಿಂದ ಬಿಳುಪಿಗೆ ಹಾರುವುದಿಲ್ಲ. ಶಾಯಿಯು ಕಾಗದದೊಳಕ್ಕೆ ಹಬ್ಬಿ ಬೂದಿಬಣ್ಣದ ಹಲವು ಮೆಟ್ಟಿಲುಗಳಾಗಿ ಇಳಿಯುತ್ತದೆ. ಕಪ್ಪು ಬಿಳುಪಿನ ಪ್ರತಿಯನ್ನು ತೆಗೆಯುವಾಗ ಯಂತ್ರವು ಆ ಮೆಟ್ಟಿಲುಗಳಲ್ಲಿ ಒಂದೆಡೆ ಗೆರೆ ಕೊರೆದು, ಇದಕ್ಕಿಂತ ಕರಿದಾದುದೆಲ್ಲ ಕಪ್ಪು, ತಿಳಿಯಾದುದೆಲ್ಲ ಬಿಳುಪು ಎಂದು ತೀರ್ಪು ಕೊಟ್ಟುಬಿಡುತ್ತದೆ. ಗೆರೆಯು ತಿಳಿಯ ಕಡೆಗೆ ಸರಿದರೆ ಅಕ್ಷರ ದಪ್ಪಗಾಗಿ ಸೀಳುಗಳು ಮುಚ್ಚುತ್ತವೆ. ಕಪ್ಪಿನ ಕಡೆಗೆ ಸರಿದರೆ ಅಕ್ಷರ ಸವೆದು ಚುಕ್ಕೆಗಳೂ ಸಣ್ಣ ಗೆರೆಗಳೂ ಮಾಯವಾಗುತ್ತವೆ. ಒಮ್ಮೆ ಕೊಟ್ಟ ತೀರ್ಪನ್ನು ಮತ್ತೆ ವಿಚಾರಿಸಲು ಅಲ್ಲಿ ಆಧಾರವೇ ಉಳಿದಿರುವುದಿಲ್ಲ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡದೆ ತನಗೆ ಸರಿದೋರಿದ ಪಾಠವೊಂದನ್ನೇ ಅಚ್ಚಿಸಿ, ಹಸ್ತಪ್ರತಿಯನ್ನು ಸುಟ್ಟುಬಿಟ್ಟ ಸಂಪಾದಕನ ಕೆಲಸಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಬಣ್ಣದ ಅಥವಾ ಬೂದುಛಾಯೆಯ ಪ್ರತಿಯಲ್ಲಿ ಈ ತೀರ್ಪು ಇನ್ನೂ ಆಗಿರುವುದಿಲ್ಲ. ಟೆಸರಾಕ್ಟ್ ಎಂಬ, ಕನ್ನಡವನ್ನೂ ಓದಬಲ್ಲ ಮುಕ್ತ ತಂತ್ರಾಂಶವು ತಾನೇ ಆ ಗೆರೆಯನ್ನು ಕೊರೆದುಕೊಳ್ಳುತ್ತದೆ. ರೂಢಿಯ ಕ್ರಮದಲ್ಲಿ ಅದು ಅನುಸರಿಸುವುದು ಜಪಾನಿನ ನೊಬುಯುಕಿ ಓಟ್ಸು ಅವರು 1979ರಲ್ಲಿ ಪ್ರಕಟಿಸಿದ ವಿಧಾನ: ಇಡೀ ಪುಟಕ್ಕೆ ಒಂದೇ ಗೆರೆ. ಪುಟದ ನಡುಮಡಿಕೆಯಲ್ಲಿ ನೆರಳು ಬಿದ್ದಿದ್ದರೆ ಅಥವಾ ಒಂದು ಮೂಲೆ ಹೆಚ್ಚು ಹಳದಿಯಾಗಿದ್ದರೆ ಒಂದೇ ಗೆರೆಯು ಸಾಲದು. 2021ರಲ್ಲಿ ಬಂದ ಐದನೆಯ ಆವೃತ್ತಿಯಿಂದ ಈಚೆಗೆ, ಪ್ರತಿಯೊಂದು ಪಿಕ್ಸೆಲ್‌ನ ಸುತ್ತಣ ಭಾಗವನ್ನು ನೋಡಿ ಅಲ್ಲಲ್ಲಿಗೆ ಬೇರೆ ಗೆರೆಯನ್ನು ಎಳೆಯುವ ಸವೋಲಾ ವಿಧಾನವೂ ಅದರಲ್ಲಿ ಸೇರಿದೆ. ಎರಡು ವಿಧಗಳಿಂದಲೂ ಒಂದೇ ಪುಟವನ್ನು ಓದಿಸಿ ಹೋಲಿಸುವ ಆದೇಶಗಳು ಹೀಗಿವೆ:

```
tesseract puta.png ondu -l kan --psm 6
tesseract puta.png eradu -l kan --psm 6 -c thresholding_method=2
```

ಇಲ್ಲಿ `kan` ಎಂಬುದು ಕನ್ನಡ. `--psm 6` ಎಂದರೆ ಪುಟವನ್ನು ಒಂದೇ ಸಮನಾದ ಪಠ್ಯಖಂಡವೆಂದು ಭಾವಿಸಿ ಓದತಕ್ಕದ್ದು ಎಂಬ ಸೂಚನೆ. ಕಪ್ಪು ಬಿಳುಪಿನ ಪ್ರತಿಗೆ ಎರಡನೆಯ ಆದೇಶದಿಂದ ಪ್ರಯೋಜನವಿಲ್ಲ. ಮರುವಿಚಾರಣೆಗೆ ಅವಕಾಶವಿರುವುದು ಬೂದುಛಾಯೆಯ ಪ್ರತಿಗೆ ಮಾತ್ರ ಎಂಬುದೇ ಅದರ ನಿಜವಾದ ಹೆಚ್ಚುಗಾರಿಕೆ, ನೋಟದ ಅಂದವಲ್ಲ.

ಆದರೆ ಬಣ್ಣದ ಪ್ರತಿ ಎಂದು ಹೆಸರಿದ್ದ ಮಾತ್ರಕ್ಕೆ ಒಪ್ಪಬೇಕಾಗಿಲ್ಲ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಗ್ರಂಥವೊಂದರ ಕಡತಗಳ ಪಟ್ಟಿಯನ್ನು ತೆರೆದರೆ ಪಿ.ಡಿ.ಎಫ್. ಜೊತೆಗೆ `_jp2.zip` ಎಂದು ಕೊನೆಗೊಳ್ಳುವ ದೊಡ್ಡ ಕಡತವೂ ಕಾಣುತ್ತದೆ. ಗ್ರಂಥವನ್ನು ಕ್ಯಾಮೆರಾದಿಂದ ನೇರವಾಗಿ ಹಿಡಿದಿದ್ದರೆ ಈ ದೊಡ್ಡ ಕಡತವೇ ಮೂಲಕ್ಕೆ ಸಮೀಪದ್ದು, ಪಿ.ಡಿ.ಎಫ್. ಅದರಿಂದ ಕುಗ್ಗಿಸಿ ಮಾಡಿದ್ದು. ಆದರೆ ಡಿಜಿಟಲ್ ಲೈಬ್ರರಿಯಿಂದ ಬಂದ ಗ್ರಂಥಗಳಲ್ಲಿ ಈ ಸಂಬಂಧವು ತಲೆಕೆಳಗಾಗಿರುತ್ತದೆ. ಅಲ್ಲಿ ಏರಿಸಿದ್ದು ಪಿ.ಡಿ.ಎಫ್., ಅದರಿಂದ ಯಂತ್ರವೇ ಉಳಿದುದನ್ನು ತಯಾರಿಸಿತು. ಆದುದರಿಂದ ಅಲ್ಲಿನ ದೊಡ್ಡ ಕಡತದಲ್ಲಿ ಪಿ.ಡಿ.ಎಫ್.ನಲ್ಲಿ ಇಲ್ಲದ ಯಾವ ಸತ್ತ್ವವೂ ಇಲ್ಲ. ಮಗನಿಗೆ ತಂದೆಗಿಂತ ಹೆಚ್ಚು ವಯಸ್ಸಾಗಿರಲಾರದು. ಯಾವ ಪ್ರತಿ ಯಾವುದರಿಂದ ಹುಟ್ಟಿತೆಂಬ ವಂಶಾವಳಿಯನ್ನು ತಾಳೆಗರಿಗಳಂತೆಯೇ ಇಲ್ಲಿಯೂ ಬರೆದುಕೊಳ್ಳತಕ್ಕದ್ದು. ಪಿ.ಡಿ.ಎಫ್. ಒಳಗೆ ನಿಜವಾಗಿ ಏನಿದೆಯೆಂಬುದನ್ನು ತಿಳಿಯಲು ಪಾಪ್ಲರ್ ಎಂಬ ಉಪಕರಣಗಳ ಕಟ್ಟಿನಲ್ಲಿರುವ ಒಂದು ಆದೇಶ ಸಾಕು:

```
pdfimages -list grantha.pdf
```

ಇದು ಪ್ರತಿಯೊಂದು ಪುಟದ ಚಿತ್ರದ ಅಗಲ, ಎತ್ತರ, ಒಂದು ಪಿಕ್ಸೆಲ್‌ನಲ್ಲಿ ಅಡಗಿದ ಛಾಯೆಗಳ ಪ್ರಮಾಣ, ಕುಗ್ಗಿಸಿದ ವಿಧಾನ ಇವುಗಳನ್ನು ಸಾಲಾಗಿ ಕೊಡುತ್ತದೆ. `bpc` ಎಂಬ ಅಂಕಣದಲ್ಲಿ 1 ಎಂದಿದ್ದರೆ ಅದು ಕಪ್ಪು ಬಿಳುಪು, 8 ಎಂದಿದ್ದರೆ ಛಾಯೆಗಳುಳ್ಳದ್ದು. ಪುಸ್ತಕದ ಪುಟದ ಅಗಲವು ಐದೂವರೆ ಅಂಗುಲವಿದ್ದು ಚಿತ್ರದ ಅಗಲವು 1650 ಪಿಕ್ಸೆಲ್ ಎಂದು ತೋರಿದರೆ ಅಂಗುಲಕ್ಕೆ 300 ಎಂದು ತಿಳಿಯಬೇಕು. ಕಡತವು ತನ್ನನ್ನು 600 ಎಂದು ಕರೆದುಕೊಂಡರೂ ನಂಬಬೇಕಾದುದು ಈ ಭಾಗಾಕಾರವನ್ನೇ. ಚಿಕ್ಕ ಚಿತ್ರವನ್ನು ಹಿಗ್ಗಿಸಿ ಅಂಕಿಯನ್ನು ಹೆಚ್ಚಿಸಿದ ಪ್ರತಿಗಳೂ ಇಲ್ಲದಿಲ್ಲ. ಅಂಥವನ್ನು ಹಿಗ್ಗಿಸಿ ನೋಡಿದರೆ ಅಕ್ಷರದ ಅಂಚು ಹೊಗೆಯಂತೆ ಮಬ್ಬಾಗಿ ಅಥವಾ ದಪ್ಪ ಇಟ್ಟಿಗೆಗಳ ಮೆಟ್ಟಿಲಿನಂತೆ ಕಾಣಿಸುತ್ತದೆ.

ಅದೇ ಪಟ್ಟಿಯ `enc` ಎಂಬ ಅಂಕಣದಲ್ಲಿ `jbig2` ಎಂದು ಕಂಡರೆ ಹೆಚ್ಚಿನ ಎಚ್ಚರ ಬೇಕು. ಕಪ್ಪು ಬಿಳುಪಿನ ಪುಟಗಳನ್ನು ಕುಗ್ಗಿಸುವ ಈ ವಿಧಾನಕ್ಕೆ ಎರಡು ನಡೆಗಳಿವೆ. ಒಂದರಲ್ಲಿ ಏನೂ ನಷ್ಟವಾಗುವುದಿಲ್ಲ. ಇನ್ನೊಂದರಲ್ಲಿ ಒಂದನ್ನೊಂದು ಹೋಲುವ ಆಕಾರಗಳನ್ನೆಲ್ಲ ಒಂದೇ ಎಂದು ಬಗೆದು, ಒಂದರ ಚಿತ್ರವನ್ನೇ ಉಳಿದೆಡೆಗಳಲ್ಲಿಯೂ ಅಂಟಿಸಲಾಗುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕವಿಜ್ಞಾನಿ, ಝೆರಾಕ್ಸ್ ಯಂತ್ರಗಳು ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡುವಾಗ ಕೋಣೆಗಳ ಅಳತೆಯ ಅಂಕಿಗಳನ್ನು ಬದಲಿಸಿಬಿಟ್ಟಿದ್ದನ್ನು ಬಯಲಿಗೆ ತಂದರು. 6 ಇದ್ದಲ್ಲಿ 8 ಬಂದಿರುವುದೂ ಕಂಡುಬಂದಿತು. ಅದರ ಮೂಲ ಇದೇ ಅಂಟಿಸುವ ನಡೆ. ಆರಕ್ಕೂ ಎಂಟಕ್ಕೂ ಇರುವುದಕ್ಕಿಂತ ಕಡಿಮೆ ಅಂತರವು ದಕಾರಕ್ಕೂ ಧಕಾರಕ್ಕೂ ಇದೆ. ಈ ಬಗೆಯ ಪ್ರತಿಯಲ್ಲಿ ಅಕ್ಷರವು ಮಸುಕಾಗಿರುವುದಿಲ್ಲ. ಸ್ಪಷ್ಟವಾಗಿ, ನಿಚ್ಚಳವಾಗಿ, ತಪ್ಪಾಗಿರುತ್ತದೆ. ಓದುವ ತಂತ್ರಾಂಶವು ಆಗ ನಿರಪರಾಧಿ. ಇದನ್ನು ಕಂಡುಹಿಡಿಯುವ ಉಪಾಯವಿಷ್ಟೆ: ಪುಟದಲ್ಲಿ ಹತ್ತೆಡೆ ಬಂದಿರುವ ಒಂದೇ ಅಕ್ಷರವನ್ನು ಹಿಗ್ಗಿಸಿ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಬೇಕು. ಸೀಸದ ಮೊಳೆಯ ಮುದ್ರಣದಲ್ಲಿ ಸವೆತವೂ ಶಾಯಿಯೂ ಸ್ವಲ್ಪವಾದರೂ ಬೇರೆಯಾಗಿರಲೇಬೇಕು. ಹತ್ತೂ ಪಿಕ್ಸೆಲ್‌ಗೆ ಪಿಕ್ಸೆಲ್ ಒಂದೇ ಆಗಿದ್ದರೆ ಅಂಟಿಸಿದ್ದೆಂದೇ ತಿಳಿದು ಆ ಪ್ರತಿಯನ್ನು ಬದಿಗಿಡಬೇಕು. ಬೇರೆ ಪ್ರತಿಯೇ ಇಲ್ಲದಾಗ ಮಾತ್ರ ಅದನ್ನು ಮುಟ್ಟತಕ್ಕದ್ದು.

ಇಷ್ಟು ಜರಡಿಯಾಡಿದ ಮೇಲೆ ಉಳಿದ ಪ್ರತಿಗಳನ್ನು ಓದಿಸಿಯೇ ಪರೀಕ್ಷಿಸಬೇಕು. ಪರೀಕ್ಷೆಗೆ ಮುನ್ನ ಎಲ್ಲವೂ ಒಂದೇ ಮುದ್ರಣದವೆಂಬುದನ್ನು ಖಚಿತಪಡಿಸಿಕೊಳ್ಳುವುದು ಅವಶ್ಯ. ಮರುಮುದ್ರಣದಲ್ಲಿ ಮೊಳೆಗಳನ್ನು ಮತ್ತೆ ಜೋಡಿಸಿದ್ದರೆ ಸಾಲುಗಳ ಕೊನೆ ಬೇರೆಯಾಗಿರುತ್ತದೆ. ಒಂದೇ ಮುದ್ರಣವಾಗಿದ್ದರೆ ಮುರಿದ ಮೊಳೆಯೊಂದು ಎರಡು ಪ್ರತಿಗಳಲ್ಲಿಯೂ ಅದೇ ಪುಟದ ಅದೇ ಸಾಲಿನಲ್ಲಿ ಮುರಿದೇ ಕಾಣುತ್ತದೆ. ಪರೀಕ್ಷೆಯ ಪುಟಗಳನ್ನು ಆರಿಸುವಾಗ ದೊಡ್ಡಕ್ಷರದ ಮೊದಲ ಪುಟವನ್ನೋ ಪೀಠಿಕೆಯನ್ನೋ ತೆಗೆದುಕೊಳ್ಳುವುದು ಸಾಮಾನ್ಯವಾದ ಲೋಪ. ಗ್ರಂಥದ ನಡುವಿನಿಂದ ಎರಡು, ಹೊಲಿಗೆ ಬಿಗಿಯಾಗಿ ಸಾಲು ಬಾಗಿದಲ್ಲಿ ಒಂದು, ಕಲೆಯಾದಲ್ಲಿ ಒಂದು, ಚಿಕ್ಕಕ್ಷರದ ಟಿಪ್ಪಣಿಯ ಪುಟ ಒಂದು, ಹೀಗೆ ಐದು ಪುಟಗಳು ಸಾಕು. ಪ್ರತಿ ಪುಟದಿಂದ ಇಪ್ಪತ್ತು ಸಾಲುಗಳನ್ನು ಬಲ್ಲವರು ಕಾಗದದ ಪುಸ್ತಕವನ್ನೇ ಮುಂದಿಟ್ಟುಕೊಂಡು ಬೆರಳಚ್ಚು ಮಾಡಿ, ಇನ್ನೊಬ್ಬರು ಒಪ್ಪ ನೋಡಿರಬೇಕು. ಆ ಶುದ್ಧಪಾಠಕ್ಕೂ ತಂತ್ರಾಂಶದ ಓದಿಗೂ ಇರುವ ಅಂತರವನ್ನು ಎಣಿಸುವುದೇ ಪರೀಕ್ಷೆ.

ಎಣಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಗಣಕಕ್ಕೆ ‘ಸ್ಥ’ ಎಂಬುದು ಒಂದು ಅಕ್ಷರವಲ್ಲ; ಸಕಾರ, ಹಲಂತಚಿಹ್ನೆ, ಥಕಾರ ಎಂಬ ಮೂರು ಸಂಕೇತಗಳು. ‘ಸ್ಥ’ವನ್ನು ‘ಸ್ಧ’ ಎಂದು ಓದಿದರೆ ಸಂಕೇತಗಳ ಲೆಕ್ಕದಲ್ಲಿ ಮೂರರಲ್ಲಿ ಒಂದು ತಪ್ಪು, ಓದುಗನ ಲೆಕ್ಕದಲ್ಲಿ ಅಕ್ಷರವೇ ತಪ್ಪು. ಸಂಕೇತಗಳ ಎಣಿಕೆಯಿಂದ ಪ್ರತಿಯ ಗುಣವು ಇರುವುದಕ್ಕಿಂತ ಮೇಲೆಂದು ತೋರುವುದರಿಂದ ಅಕ್ಷರವನ್ನೇ ಮಾನವಾಗಿ ಇಟ್ಟುಕೊಳ್ಳುವುದು ಲೇಸು.

ಇನ್ನು ಮುಖ್ಯವಾದ ಮಾತು. ತಪ್ಪುಗಳ ಸಂಖ್ಯೆಯೊಂದರಿಂದಲೇ ಆಯ್ಕೆ ಮಾಡಲಾಗದು. ಪರೀಕ್ಷೆಯ ಪಾಠದಲ್ಲಿ ಸಾವಿರ ಅಕ್ಷರಗಳಿವೆಯೆಂದೂ, ಕಪ್ಪು ಬಿಳುಪಿನ ಪ್ರತಿಯಿಂದ ಮೂವತ್ತು, ಬಣ್ಣದ ಪ್ರತಿಯಿಂದ ನಲವತ್ತು ತಪ್ಪುಗಳು ಬಂದವೆಂದೂ ಇಟ್ಟುಕೊಳ್ಳೋಣ. ಅಂಕಿಯನ್ನೇ ನೆಚ್ಚುವವರು ಮೊದಲನೆಯದನ್ನು ಎತ್ತಿಕೊಳ್ಳುತ್ತಾರೆ. ಈಗ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ, ಬಣ್ಣದ ಪ್ರತಿಯ ನಲವತ್ತರಲ್ಲಿ ಮೂವತ್ತು ಅಂಚಿನ ಕಲೆಗಳನ್ನು ವಿರಾಮಚಿಹ್ನೆಗಳೆಂದು, ಕಾಗದದ ಸುಕ್ಕನ್ನು ದಂಡವೆಂದು ಓದಿದ ಕಸವಾಗಿದ್ದು, ಕಪ್ಪು ಬಿಳುಪಿನ ಪ್ರತಿಯ ಮೂವತ್ತರಲ್ಲಿ ಇಪ್ಪತ್ತೈದು ಮಹಾಪ್ರಾಣಗಳು ಅಲ್ಪಪ್ರಾಣಗಳಾದವುಗಳೆಂದು ತಿಳಿದರೆ ತೀರ್ಮಾನವು ತಿರುಗಿಬೀಳುತ್ತದೆ. ಕಸವು ಕಣ್ಣಿಗೆ ಹೊಡೆಯುತ್ತದೆ, ಕರಡು ತಿದ್ದುವವನು ಒಂದು ಗಳಿಗೆಯಲ್ಲಿ ಗುಡಿಸಿಬಿಡುತ್ತಾನೆ. ‘ತನುಮನಧನ’ ಎಂಬಲ್ಲಿ ಕೊನೆಯ ಪದ ‘ದನ’ವಾಗಿ ಕುಳಿತರೆ ಅದನ್ನು ಎಬ್ಬಿಸುವವರಾರು? ದನವೂ ಕನ್ನಡದ ಶಬ್ದವೇ. ಕಾಗುಣಿತ ನೋಡುವ ತಂತ್ರಾಂಶವು ಅದನ್ನು ಸುಮ್ಮನೆ ಹಾದುಹೋಗಗೊಡುತ್ತದೆ. ಆಮೇಲೆ ವಚನಗಳಲ್ಲಿ ಧನವೆಂಬ ಪದ ಎಷ್ಟೆಡೆ ಬಂದಿದೆಯೆಂದು ಗಣಕದಲ್ಲಿ ಹುಡುಕುವ ವಿದ್ಯಾರ್ಥಿಗೆ ಆ ವಚನವು ಸಿಗುವುದೇ ಇಲ್ಲ. ಸಿಗದಿದ್ದುದು ಇಲ್ಲವೆಂದೇ ಅವನ ಪ್ರಬಂಧದಲ್ಲಿ ದಾಖಲಾಗುತ್ತದೆ. ಆದುದರಿಂದ ತಪ್ಪುಗಳನ್ನು ಎರಡು ಪಾಲಾಗಿ ವಿಂಗಡಿಸಿ, ಕಣ್ಣಿಗೆ ಬೀಳದೆ ಶಬ್ದವಾಗಿ ನಿಲ್ಲುವ ತಪ್ಪು ಯಾವ ಪ್ರತಿಯಲ್ಲಿ ಕಡಿಮೆಯೋ ಅದನ್ನೇ ಆರಿಸುವುದು ಯುಕ್ತ.

ತಂತ್ರಾಂಶವು ತಾನೇ ಒದಗಿಸುವ ವಿಶ್ವಾಸಾಂಕವನ್ನು, ಎಂದರೆ ಪ್ರತಿ ಪದಕ್ಕೂ ನೂರಕ್ಕೆ ಇಷ್ಟು ಎಂದು ಕೊಡುವ ಅಂಕಿಯನ್ನು, ಆಧಾರವಾಗಿಟ್ಟುಕೊಂಡು ಶುದ್ಧಪಾಠದ ಶ್ರಮವನ್ನು ತಪ್ಪಿಸಿಕೊಳ್ಳುವ ಸಲಹೆಯೂ ಕೇಳಿಬರುತ್ತದೆ. ಆ ಅಂಕಿಯು ಓದು ಎಷ್ಟು ಸರಿಯೆಂಬುದನ್ನು ಹೇಳುವುದಿಲ್ಲ, ಓದಿದವನಿಗೆ ಎಷ್ಟು ಧೈರ್ಯವಿದೆಯೆಂಬುದನ್ನು ಹೇಳುತ್ತದೆ. ಸೀಳು ಪೂರ್ತಿಯಾಗಿ ಮುಚ್ಚಿದ ಧಕಾರವನ್ನು ದಕಾರವೆಂದು ಓದುವುದರಲ್ಲಿ ಅದಕ್ಕೆ ಎಳ್ಳಷ್ಟೂ ಸಂಶಯವಿರಲಾರದು. ಟೆಸರಾಕ್ಟಿನ ನಾಲ್ಕನೆಯ ಆವೃತ್ತಿಯಿಂದ ಈಚೆಗೆ ಸಾಲನ್ನು ಇಡಿಯಾಗಿ ಓದುವ, ಕಲಿತ ಪಾಠಗಳಲ್ಲಿ ಯಾವ ಅಕ್ಷರದ ಮುಂದೆ ಯಾವುದು ಬರುತ್ತದೆಂಬುದನ್ನೂ ಮನಸ್ಸಿಗೆ ತಂದುಕೊಳ್ಳುವ ಕ್ರಮವಿದೆ. ಮಸುಕಾದ ಎಡೆಯಲ್ಲಿ ಅದು ತನಗೆ ಹೆಚ್ಚು ಪರಿಚಯದ ರೂಪಕ್ಕೆ ವಾಲುವುದು ಸಹಜ. ‘ಸ್ಥಲ’ಕ್ಕೆ ಬದಲಾಗಿ ಇಂದಿನ ಬಳಕೆಯ ‘ಸ್ಥಳ’ವು ಬಂದು ಕೂಡುವ ಸಂಭವವುಂಟು. ಹಾಗಾದಾಗ ಭಕ್ತಸ್ಥಲವು ಭಕ್ತನು ವಾಸಿಸುವ ಊರಾಗುತ್ತದೆ!

ಪಾಶ್ಚಾತ್ಯರು ಈ ವಿಷಯದಲ್ಲಿ ಮಾಡಿದ ಕೆಲಸವನ್ನೂ ಇಲ್ಲಿ ಸ್ಮರಿಸಬೇಕು. ಲಾಸ್ ವೇಗಾಸ್‌ನಲ್ಲಿರುವ ನೆವಾಡಾ ವಿಶ್ವವಿದ್ಯಾಲಯದ ಬ್ಲಾಂಡೊ, ಕನಾಯ್, ನಾರ್ಟ್‌ಕರ್ ಎಂಬ ವಿದ್ವಾಂಸರು 1995ರಲ್ಲಿ, ಪುಟವನ್ನು ಓದಿಸುವ ಮೊದಲೇ ಅದರ ಗುಣವನ್ನು ಊಹಿಸುವ ಕ್ರಮವೊಂದನ್ನು ಮುಂದಿಟ್ಟರು. ಅಕ್ಷರಗಳ ನಡುವೆ ಸಿಕ್ಕಿಕೊಂಡ ಸಣ್ಣ ಬಿಳಿಯ ದ್ವೀಪಗಳು ಹೆಚ್ಚಾಗಿದ್ದರೆ ಅಕ್ಷರಗಳು ದಪ್ಪಗಾಗಿ ಕೂಡಿಕೊಂಡಿವೆಯೆಂದೂ, ಕಪ್ಪು ತುಣುಕುಗಳು ಹೆಚ್ಚಾಗಿದ್ದರೆ ಅಕ್ಷರಗಳು ಒಡೆದಿವೆಯೆಂದೂ ತಿಳಿಯುವುದು ಅದರ ಸಾರ. ರೋಮನ್ ಲಿಪಿಗೆ ಇದು ಒಪ್ಪುವ ಮಾತು. ಕನ್ನಡಕ್ಕೆ ಮೊದಲರ್ಧವನ್ನು ಕೈಕೊಳ್ಳಬಹುದು, ಎರಡನೆಯ ಅರ್ಧವನ್ನು ಯಥಾವತ್ತಾಗಿ ತರುವಂತಿಲ್ಲ. ಥಕಾರದ ಚುಕ್ಕೆ, ಬಿಡಿಯಾಗಿ ನಿಲ್ಲುವ ಒತ್ತಕ್ಷರಗಳು, ಅನುಸ್ವಾರ, ದೀರ್ಘದ ಕೊಂಬು ಇವೆಲ್ಲ ನಮ್ಮಲ್ಲಿ ನ್ಯಾಯವಾಗಿಯೇ ಬಿಡಿ ತುಣುಕುಗಳು. ತುಣುಕು ಕಡಿಮೆಯಿರುವ ಪುಟ ಉತ್ತಮವೆಂದು ಎಣಿಸಿದರೆ ಚುಕ್ಕೆಗಳೆಲ್ಲ ಉದುರಿಹೋದ ಪುಟಕ್ಕೇ ಮೊದಲ ಸ್ಥಾನ ದೊರೆಯುತ್ತದೆ. ಸ್ಕ್ಯಾನ್ ತಂತ್ರಾಂಶಗಳಲ್ಲಿ ‘ಚುಕ್ಕೆ ಕಳೆಯುವ’ ಸೌಕರ್ಯವೊಂದಿರುತ್ತದೆ; ಪುಟದ ಮೇಲಿನ ಧೂಳಿನ ಕಣಗಳನ್ನು ಅದು ಅಳಿಸುತ್ತದೆ. ಥಕಾರದ ಚುಕ್ಕೆಗೂ ಧೂಳಿಗೂ ಅದಕ್ಕೆ ಭೇದವಿಲ್ಲ. ಅತ್ಯಂತ ನಿರ್ಮಲವಾಗಿ ಕಾಣುವ, ಒಂದು ಧೂಳೂ ಇಲ್ಲದ ಕಪ್ಪು ಬಿಳುಪಿನ ಪ್ರತಿಯನ್ನು ಕಂಡಾಗ ಮೊದಲು ‘ಕಥೆ’, ‘ಪಥ’, ‘ಸ್ಥಿತಿ’ ಮುಂತಾದ ಶಬ್ದಗಳನ್ನು ಹುಡುಕಿ ಹಿಗ್ಗಿಸಿ ನೋಡುವುದು ಒಳ್ಳೆಯ ಅಭ್ಯಾಸ. ಅರ್ಧ ಗಂಟೆಯೂ ಹಿಡಿಯದ ಈ ನೋಟದಿಂದ ಎಷ್ಟೋ ಪ್ರತಿಗಳು ಪರೀಕ್ಷೆಯವರೆಗೂ ಬಾರದೆ ಬಿದ್ದುಹೋಗುತ್ತವೆ.

ಆರ್ಕೈವ್‌ನ ಗ್ರಂಥಗಳ ಜೊತೆಗೆ ಈಗಾಗಲೇ ಇರುವ ಪಠ್ಯಕಡತವನ್ನು ನೋಡಿ ಸ್ಕ್ಯಾನಿನ ಗುಣವನ್ನು ಅಳೆಯುವುದೂ ಸರಿಯಲ್ಲ. ಅಲ್ಲಿ ಮೊದಲು ಬಳಕೆಯಲ್ಲಿದ್ದ ತಂತ್ರಾಂಶವು ಕನ್ನಡವನ್ನು ಓದುತ್ತಿರಲಿಲ್ಲ. `language not currently OCRable` ಎಂಬ ಸಾಲು ಮಾತ್ರ ದಾಖಲೆಯಲ್ಲಿ ಕಾಣುತ್ತಿತ್ತು. 2020ರ ಸುಮಾರಿಗೆ ಟೆಸರಾಕ್ಟನ್ನು ಅಲ್ಲಿ ಅಳವಡಿಸಿಕೊಂಡ ಮೇಲೆ ಕನ್ನಡದ ಪಠ್ಯವೂ ಬರತೊಡಗಿತು. ಎರಡು ಪ್ರತಿಗಳ ಪಠ್ಯಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಆವೃತ್ತಿಗಳಿಂದ ಆಗಿರಬಹುದಾದ್ದರಿಂದ, ಎಲ್ಲ ಪ್ರತಿಗಳನ್ನೂ ಒಂದೇ ಆವೃತ್ತಿಯಿಂದ ಒಂದೇ ಆದೇಶದಲ್ಲಿ ಓದಿಸಿದ ಹೋಲಿಕೆಯೇ ಹೋಲಿಕೆ.

ಇಷ್ಟರಿಂದ ಬಣ್ಣದ ಪ್ರತಿಯೇ ಸದಾ ಗೆಲ್ಲುತ್ತದೆಂದು ತಿಳಿಯಬಾರದು. ಹಿಂಬದಿಯ ಪುಟದ ಅಕ್ಷರಗಳು ತೆಳುವಾದ ಕಾಗದದಲ್ಲಿ ಇಣುಕುತ್ತಿದ್ದರೆ ಸವೋಲಾ ವಿಧಾನವು ಆ ನೆರಳಕ್ಷರಗಳನ್ನೂ ಎತ್ತಿ ತರುತ್ತದೆ. ಕ್ಯಾಮೆರಾ ಅಲುಗಿದ್ದರೆ ಛಾಯೆಗಳಿದ್ದೂ ಫಲವಿಲ್ಲ. ಡಿಜಿಟಲ್ ಲೈಬ್ರರಿಯ ಪುಟಗಳಲ್ಲಿ ಗೆರೆಯನ್ನು ಹದವಾಗಿ ಇಟ್ಟು ತೆಗೆದವು ಎಷ್ಟೋ ಇವೆ. ಅಂಥಲ್ಲಿ ಅಂಗುಲಕ್ಕೆ 600 ಎಂಬುದು ನಿಜವಾದ ಸಂಪತ್ತು. ಒತ್ತಕ್ಷರದ ಚುಕ್ಕೆಗೂ ಮೂರು ಪಿಕ್ಸೆಲ್‌ಗಳು ದೊರೆತಿರುತ್ತವೆ. ಒಂದೇ ಗ್ರಂಥದಲ್ಲಿ ನೂರು ಪುಟ ಹದವಾಗಿದ್ದು ಮುಂದಿನ ಐವತ್ತು ಪುಟ ಕರಗಿಹೋಗಿರುವುದೂ ಉಂಟು. ಆದಕಾರಣ ಇಡೀ ಗ್ರಂಥಕ್ಕೆ ಒಂದೇ ಪ್ರತಿಯೆಂಬ ಹಟವನ್ನು ಬಿಡಬೇಕಾಗುತ್ತದೆ. ಒಂದೇ ಮುದ್ರಣದವಾಗಿರುವ ತನಕ ಪುಟದಿಂದ ಪುಟಕ್ಕೆ ಪ್ರತಿಯನ್ನು ಬದಲಿಸುವುದರಲ್ಲಿ ದೋಷವಿಲ್ಲ. ಯಾವ ಪುಟವನ್ನು ಯಾವ ಪ್ರತಿಯಿಂದ ತೆಗೆದುಕೊಂಡಿತೆಂಬ ಪಟ್ಟಿಯನ್ನು ಪಠ್ಯದ ಜೊತೆಯಲ್ಲಿಯೇ ಇರಿಸತಕ್ಕದ್ದು. ಈ ಪಟ್ಟಿಯಿಲ್ಲದ ಗಣಕಪಾಠವು ಹಸ್ತಪ್ರತಿಗಳ ವಿವರ ಕೊಡದ ಮುದ್ರಿತ ಆವೃತ್ತಿಯಷ್ಟೇ ಅಪೂರ್ಣ.

ಎರಡು ಪ್ರತಿಗಳೂ ಮಧ್ಯಮವಾಗಿದ್ದಾಗ ಎರಡನ್ನೂ ಓದಿಸಿ, ಓದುಗಳು ಎಲ್ಲಿ ಭಿನ್ನವಾಗುತ್ತವೆಯೋ ಅಲ್ಲಿ ಮಾತ್ರ ಮನುಷ್ಯನು ಕಣ್ಣಿಡುವುದು ಶ್ರಮವನ್ನು ಬಹಳ ಉಳಿಸುತ್ತದೆ. ಬೇರೆ ಬೇರೆ ಯಂತ್ರಗಳಿಂದ ತೆಗೆದ ಪ್ರತಿಗಳು ಒಂದೇ ಎಡೆಯಲ್ಲಿ ಒಂದೇ ಬಗೆಯಾಗಿ ತಪ್ಪುವುದು ವಿರಳ. ಆದರೆ ಮೊಳೆಯೇ ಸವೆದು ಸೀಳು ಮುದ್ರಣದಲ್ಲಿಯೇ ಮೂಡದಿದ್ದರೆ ಎರಡೂ ಒಮ್ಮತದಿಂದ ‘ದನ’ವೆಂದೇ ನುಡಿಯುತ್ತವೆ. ಅಂಥ ಎಡೆಗಳಲ್ಲಿ ಇನ್ನೊಂದು ಸ್ಕ್ಯಾನನ್ನು ಹುಡುಕುವುದು ವ್ಯರ್ಥ. ಮುದ್ರಣಕ್ಕೆ ಆಧಾರವಾದ ತಾಳೆಗರಿಯ ಕಟ್ಟು ಯಾವ ಮಠದಲ್ಲಿ, ಯಾವ ಭಂಡಾರದಲ್ಲಿ ಇದೆಯೆಂದು ವಿಚಾರಿಸಿ ಅಲ್ಲಿಗೇ ಹೋಗಬೇಕಾಗುತ್ತದೆ.